ಗೆರಿ ಎಲ್ಲೆ ಎಳಿಬೇಕು?

ನಮ್ಮಕ್ಕನ ಮಗ ಈ ಸಲಾ ಐದ ಮ್ಯಾಚ್ ಆಡಿದಾ, ಅದರಾಗ ನಾಲ್ಕ ಸಲಾ ಎಲ್‌ಬಿಡಬ್ಲ್ಯೂ ಆದಾ. ಹದಿಮೂರ ವರ್ಷದ ಹುಡುಗ, ನಾಲ್ಕ ಅಡಿ ಹತ್ತ ಇಂಚ ಎತ್ತರ. ನೆಟ್ಸಿನಾಗ ಛಲೋ ಆಡ್ತಾನ, ಮ್ಯಾಚಿನಾಗ ಸೀದಾ ಬಂದ ಬಾಲ್ ಹೋಗಿ ಪ್ಯಾಡಿಗೆ ಬಡಿತದ. ನಾಲ್ಕನೇ ಸಲಾ ಆದ ಮ್ಯಾಲೆ ನಮ್ಮ ಭಾವ "ಇನ್ನ ಸಾಕ ಮಾಡೋಣ, ಮುಂದ ಹೈಸ್ಕೂಲ್ ಓದಿನ ಭಾರ ಹೆಚ್ಚಾಗ್ತದ" ಅಂತ ಅಂದ ಬಿಟ್ರು. ಹುಡುಗ ಏನೂ ಮಾತಾಡಲಿಲ್ಲಾ, ಕಿಟ್ ಬ್ಯಾಗ್ ತೊಗೊಂಡ ಹೋಗಿ ಅಟ್ಟದ ಮ್ಯಾಲೆ ಇಟ್ಟ ಬಂದಾ. ಅವಾ ಅತ್ತಿದ್ರ ನಮಗ ಇಷ್ಟ ಚಿಂತಿ ಆಗ್ತಿದ್ದಿಲ್ಲಾ ನೋಡ್ರಿ.

ಇನ್ನ ನಮ್ಮ ಮನ್ಯಾಗ ಕ್ರಿಕೆಟ್ ಅಂದ್ರ ಎಲ್ಲಾರೂ ಕೋಚ್‌ಗೋಳ. "ಬ್ಯಾಟ್ ಸೊಟ್ಟ ಬರ್ತದ" ಅಂತ ನಮ್ಮಪ್ಪ, "ಕಣ್ಣ ಚೆಕ್ ಮಾಡಸ್ರಿ" ಅಂತ ನಮ್ಮವ್ವ, "ಅವಂಗ ರಾತ್ರಿ ನಿದ್ದಿ ಕಡಿಮಿ ಆಗೇದ" ಅಂತ ನನ್ನ ಹೆಂಡ್ತಿ. ಅದ ಟೈಮಿಗೆ ಅವನ ಕೋಚ್, ನನ್ನ ಹಳೇ ದೋಸ್ತ, ಒಂದ ಕೆಲಸ ತಂದಾ. ಬ್ಯಾಟಿಂಗ್ ಕಲಸೋ ವಿಡಿಯೋ ಸಾವಿರ ಸಿಗ್ತಾವ, ಆದ್ರ ಹಳ್ಳಿಯಿಂದ ಬಸ್ ಹಿಡದ ಬರೋ ಹುಡುಗರಿಗೆ ಆ ಇಂಗ್ಲಿಷ್ ತಿಳಿಯಂಗಿಲ್ಲಾ, ನಮ್ಮ ಭಾಷಾದಾಗ ಒಂದ ನಾಲ್ಕ ನಿಮಿಷದ್ದ ಮಾಡೋಣ, ಸ್ಕ್ರಿಪ್ಟ್ ನೀ ಬರಿ, ಎಡಿಟಿಂಗೂ ನೀನ ಮಾಡ ಅಂದಾ. ನಾ ಮದವಿ ವಿಡಿಯೋ ಎಡಿಟ್ ಮಾಡಂವಾ, ಕಾಲೇಜ್ ಟೀಮಿನಾಗ ನಾಲ್ಕ ವರ್ಷ ವಿಕೆಟ್ ಕೀಪಿಂಗ್ ಮಾಡಿದಂವಾ, ಹಿಂಗಾಗಿ ನನ್ನ ತಲಿಗೇ ಬಂತು. ವಿಷಯ ಏನ ಇಡೋದು ಅಂದ್ರ, "ಮುಂದಿನ ಕಾಲ ಹಾಕಿ ಡಿಫೆನ್ಸ್ ಆಡೋದು, ಸೀದಾ ಬಾಲಿಗೆ ಎಲ್‌ಬಿ ಯಾಕ ಆಗ್ತೀರಿ". ಅಂದ್ರ ಹೀರೋ ನಮ್ಮ ಮನ್ಯಾಗ ಅಟ್ಟಕ್ಕ ಬ್ಯಾಗ್ ಏರಸಿ ಕೂತಿದ್ದಾ.

ನಮ್ಮಕ್ಕ ಕನ್ನಡ ಸಾಲಿ ಟೀಚರ್. ಅಕಿ ಮೊದಲನೇ ಮಾತ ಕೇಳಿದ್ದ ಇದು: "ನನ್ನ ಮಗನ ಮೈ ಮ್ಯಾಲೆ ಕೆಂಪ ಗೆರಿ ಎಳದ ಎಲ್ಲಾ ಹುಡುಗರಿಗೆ ತೋರಸಾವರ ಏನ ನೀವು? ನಾವ ಕೆಂಪ ಗೆರಿ ತಪ್ಪ ಉತ್ತರಕ್ಕ ಹಾಕ್ತೇವಿ." ಮಾತ ಖರೇ ಇತ್ತು. ಟಿವಿಯೊಳಗ ದೊಡ್ಡ ಆಟಗಾರಗ ಗೆರಿ ಎಳದ್ರ ಅವಂಗ ಏನೂ ಆಗಂಗಿಲ್ಲಾ, ಹದಿಮೂರ ವರ್ಷದವಂಗ ನಾಳೆ ನೆಟ್ಸಿನಾಗ ಅದ ಅಡ್ಡ ಹೆಸರ ಆಗ್ತದ. ಅವತ್ತ ನಾವ ಎರಡ ಮಾತ ಕೊಟ್ವಿ. ಒಂದು, ಕೆಂಪ ಬಣ್ಣ ಇಲ್ಲಾ. ಎರಡು, ಯಾವ ಬಾಲ್ ತೋರಸಬೇಕು ಅಂತ ಅವನ ಆರಸ್ತಾನ, ಅವಾ ಬ್ಯಾಡ ಅಂದ್ರ ವಿಡಿಯೋ ಇಲ್ಲಾ.

ಮೊದಲ ಕೋಚ್ ಕಡೆ ಇದ್ದ ಹಳೇ ಕ್ಲಿಪ್ ನೋಡಿದ್ವಿ. ಯಾರೋ ಹುಡುಗರು ನೆಟ್ಟಿನ ಕಂಬಕ್ಕ ಫೋನ್ ಕಟ್ಟಿ ತಗದದ್ದು, ಬೌಲರ್ ಹಿಂದ ಖರೇ, ಆದ್ರ ನಡಕ ಅಲ್ಲ, ಆಫ್ ಸೈಡಿಗೆ ಒಂದ ಮೀಟರ್ ಸರದ. ಅದರಾಗ ನೋಡಿದ್ರ ಹುಡುಗನ ತಲಿ ಆಫ್ ಸ್ಟಂಪಿನ ಗೆರಿ ಒಳಗ ಇದ್ದಂಗ, ಕಾಲೂ ಬರೋಬ್ಬರಿ ಇದ್ದಂಗ, ಬರೇ ಬ್ಯಾಟ್ ಒಂದ ಸೊಟ್ಟ ಬಂದಂಗ ಕಾಣಸ್ತದ. ನಮ್ಮಪ್ಪ ಅದನ್ನ ನೋಡಿನ "ಬ್ಯಾಟ್ ಸೊಟ್ಟ" ಅಂದಿದ್ರು, ಕೋಚೂ ಅದನ್ನ ನೋಡಿ ಎರಡ ತಿಂಗಳ ಅವಂಗ ಬ್ಯಾಟ್ ಸೀದಾ ತರೋ ಡ್ರಿಲ್ ಮಾಡಸಿದ್ದಾ.

ಅಲ್ಲೆ ಏನ ಆಗಿತ್ತು ಅನ್ನೋದನ್ನ ಸ್ವಲ್ಪ ಬಿಡಸಿ ಹೇಳ್ತೇನಿ, ಯಾಕಂದ್ರ ಗೆರಿ ಎಳಿಯೋ ವಿದ್ಯಾದಾಗ ಇದ ಮೂಲ. ಪರದೆ ಮ್ಯಾಲೆ ಆಫ್ ಸ್ಟಂಪಿನಿಂದ ಮ್ಯಾಲೆ ಒಂದ ಗೆರಿ ಎಳದ್ರಿ ಅನ್ಕೋರಿ. ಸ್ಟಂಪ್ ಇರೋದ ಹಿಂದ, ಹುಡುಗ ಮುಂದಿನ ಕಾಲ ಹಾಕಿ ಆಡೋದ ಅದರಕಿಂತಾ ಸುಮಾರ 1.8 ಮೀಟರ್ ಮುಂದ. ಫೋನ್ ಸ್ಟಂಪಿನಿಂದ 25 ಮೀಟರ್ ದೂರ ಇದ್ದು, ಒಂದ ಮೀಟರ್ ಬಾಜೂಕ ಸರದಿದ್ರ, ಆ ಗೆರಿ ಹುಡುಗ ನಿಂತ ಜಾಗಾದಾಗ ಸುಮಾರ 7 ಸೆಂಟಿಮೀಟರ್ ತಪ್ಪ ಕಡೆ ಬೀಳ್ತದ. ಏಳ ಸೆಂಟಿಮೀಟರ್ ಅಂದ್ರ ಹೆಚ್ಚುಕಡಿಮಿ ಒಂದ ಬಾಲಿನ ಅಗಲ. ಅಡಿಗಿಮನಿ ಬಾಗಲಾ ಹಿಡದ ಓರೆ ನಿಂತ ಗಡಿಯಾರ ನೋಡಿದ್ರ ಮುಳ್ಳ ಒಂದ ನಿಮಿಷ ಆಚೆ ಈಚೆ ಕಾಣಸ್ತದಲಾ, ಹಂಗ. ಎಲ್‌ಬಿ ಆಗೋದೂ ಬಿಡೋದೂ ಒಂದ ಬಾಲಿನ ಅಗಲದ ಮ್ಯಾಲೆ ಇರೋ ಆಟದಾಗ ಇಂಥಾ ಗೆರಿ ಎಳಿಯೋದಕಿಂತಾ ಎಳಿದೆ ಇರೋದ ಛಲೋ. ಗೆರಿ ಇಲ್ಲಂದ್ರ ಮಂದಿ ಅನುಮಾನಾನರ ಪಡ್ತಾರ, ಗೆರಿ ಬಿತ್ತು ಅಂದ್ರ ನಂಬೇ ಬಿಡ್ತಾರ.

ಹಿಂಗಾಗಿ ಹೊಸಾದಾಗಿ ಶೂಟ್ ಮಾಡಿದ್ವಿ. ಫೋನ್ ಸರಿ ಜಾಗಾದಾಗ ಅದನೋ ಇಲ್ಲೋ ಅಂತ ನೋಡ್ಲಿಕ್ಕೆ ಟೇಪ್ ಬ್ಯಾಡ, ಲೇಸರ್ ಬ್ಯಾಡ. ಎರಡೂ ತುದಿಗೆ ಸ್ಟಂಪ್ ಹುಗೀರಿ, ಆಮ್ಯಾಲೆ ಫೋನಿನಾಗ ನೋಡ್ರಿ. ಈ ಕಡೆ ನಡುವಿನ ಸ್ಟಂಪು ಆ ಕಡೆ ನಡುವಿನ ಸ್ಟಂಪಿನ ಬರೋಬ್ಬರಿ ನೇರಕ್ಕ ಬಂತು ಅಂದ್ರ ನೀವ ಪಿಚ್ಚಿನ ನಟ್ಟ ನಡಕ ಇದ್ದೀರಿ. ನಾವ ಬೌಲರ್ ಕಡೆ ಸ್ಟಂಪಿನಿಂದ ಐದ ಮೀಟರ್ ಹಿಂದ, ಬೌಲರ್ ತಲಿ ಅಡ್ಡ ಬರಬಾರದು ಅಂತ ಸ್ಟೂಲ್ ಮ್ಯಾಲೆ ಟ್ರೈಪಾಡ್ ಇಟ್ಟ ಆರಡಿಗಿಂತಾ ಸ್ವಲ್ಪ ಎತ್ತರಕ್ಕ ಏರಸಿದ್ವಿ. ಅಗಲ ಕಾಣಸೋ 0.5 ಲೆನ್ಸ್ ಮುಟ್ಟಲಿಲ್ಲಾ, ಅದು ಅಂಚಿಗೆ ಸೀದಾ ಇದ್ದದ್ದನ್ನೂ ಬಗ್ಗಸ್ತದ. ಎರಡನೇ ಫೋನ್ ನೆಟ್ಟಿನ ಹೊರಗ ಆಫ್ ಸೈಡಿಗೆ, ಸ್ಟಂಪಿನ ಎದರಿಗೆ ಅಲ್ಲ, ಹುಡುಗನ ಮುಂದಿನ ಕಾಲ ಬಂದ ಊರೋ ಜಾಗಾದ ಎದರಿಗೆ, ಅಂದ್ರ ಕ್ರೀಸಿಗಿಂತಾ ಎರಡ ಅಡಿ ಮುಂದ.

ಇನ್ನ ಸ್ಲೋ ಮೋಷನ್. ನಮ್ಮ ಕೋಚ್ ಹಾಕೋ ಮೀಡಿಯಂ ಪೇಸ್ ಸೆಕೆಂಡಿಗೆ ಸುಮಾರ 20 ಮೀಟರ್, ಅಂದ್ರ ತಾಸಿಗೆ 72 ಕಿಲೋಮೀಟರ್. ಸಾದಾ ವಿಡಿಯೋ ಸೆಕೆಂಡಿಗೆ 30 ಫೋಟೋ ತಗಿತದ. ಒಂದ ಫೋಟೋಕ್ಕೂ ಇನ್ನೊಂದಕ್ಕೂ ನಡುವ ಬಾಲ್ ಹೆಚ್ಚುಕಡಿಮಿ ಎರಡ ಅಡಿ ಮುಂದ ಹೋಗಿರ್ತದ. ಅದನ್ನ ಎಡಿಟಿಂಗಿನಾಗ ಎಷ್ಟ ಸಾವಕಾಶ ಓಡಸಿದ್ರೂ ಬಾಲ್ ಬ್ಯಾಟಿಗೆ ತಾಗಿದ ಕ್ಷಣ ಸಿಗಂಗಿಲ್ಲಾ, ಯಾಕಂದ್ರ ಅದನ್ನ ತಗದೇ ಇಲ್ಲಾ. ಫೋನಿನಾಗ ಸ್ಲೋ ಮೋಷನ್ 240ಕ್ಕ ಇಟ್ರ ಒಂದ ಫೋಟೋಕ್ಕ ಬಾಲ್ ಎಂಟ ಸೆಂಟಿಮೀಟರ್ ಸರೀತದ, ಅಂದ್ರ ತನ್ನಷ್ಟ ಅಗಲ. ಅಷ್ಟ ಸಾಕು. ಕೈ ಬಿಟ್ಟಲ್ಲಿಂದ ಹುಡುಗನ ತನಕ ಬರಲಿಕ್ಕೆ ಸುಮಾರ 200 ಫೋಟೋ ಆಗ್ತಾವ, ಲೆಕ್ಕಕ್ಕೂ ಹಗರ. ಒಂದ ನೆನಪಿಡ್ರಿ, ಇದನ್ನ ಬಿಸಲಾಗ ತಗೀರಿ. ಒಳಾಂಗಣದ ಟ್ಯೂಬ್ ಲೈಟ್ ನಮ್ಮ ಕಣ್ಣಿಗೆ ಕಾಣದಂಗ ಸೆಕೆಂಡಿಗೆ ನೂರ ಸಲಾ ಮಿಣುಕತಿರ್ತದ, 240ರಾಗ ಅದ ದೀಪಾವಳಿ ಸರದಂಗ ಕಾಣಸ್ತದ. ಸಂಜಿಮುಂದ ತಗದ್ರ ಬ್ಯಾಟಿನ ಅಂಚ ಕಲಸಿದಂಗ ಆಗಿ ಗೆರಿ ಎಲ್ಲೆ ಎಳಿಬೇಕು ಅನ್ನೋದ ತಿಳಿಯಂಗಿಲ್ಲಾ. ಇನ್ನ ಬ್ಯಾಟ್ ಜೋರ ಬೀಸಿದಾಗ ಫೋನಿನಾಗ ಬಾಳಿಹಣ್ಣಿನಂಗ ಬಗ್ಗಿದ್ದ ಕಂಡ್ರ ಗಾಬರಿ ಆಗಬ್ಯಾಡ್ರಿ, ಅದ ಫೋನಿನ ಗುಣಾ, ಒಂದ ಫೋಟೋನ್ನ ಅದು ಸಾಲ ಸಾಲಾಗಿ ಓದ್ತದ.

ಹನ್ನೆರಡ ಬಾಲ್ ತಗದ್ವಿ, ಎಲ್ಲಾ ಆಫ್ ಮತ್ತ ನಡುವಿನ ಸ್ಟಂಪಿಗೆ. ಹುಡುಗ ಅಟ್ಟದಿಂದ ಬ್ಯಾಗ್ ಇಳಿಸಿದ್ದ ಇದಕ್ಕಂತನ. ರಾತ್ರಿ ಊಟಾ ಆದ ಮ್ಯಾಲೆ ನಾನೂ ಅವನೂ ಕೋಚೂ ಲ್ಯಾಪ್‌ಟಾಪ್ ಮುಂದ ಕೂತ್ವಿ.

ಒಂದ ಬಾಲ್ ನಿಲ್ಲಿಸಿ ನೋಡೋದು ಹೆಂಗ ಅಂದ್ರ, ಎಲ್ಲಾರೂ ಕಡೀ ಫೋಟೋಕ್ಕ ನಿಲ್ಲಸ್ತಾರ: ಬಾಲ್ ಪ್ಯಾಡಿಗೆ ಬಡದದ್ದು, ಬ್ಯಾಟ್ ಇನ್ನೂ ಹೊರಗ ಇದ್ದದ್ದು. ಅಲ್ಲೆ ಒಂದ ಗೆರಿ ಎಳದ "ನೋಡ್ರಿ ತಪ್ಪು" ಅಂತಾರ. ಆದ್ರ ಅದು ತಪ್ಪಲ್ಲ, ತಪ್ಪಿನ ಫಲ. ಹಾಲ ಉಕ್ಕಿ ಒಲಿ ಮ್ಯಾಲೆ ಚೆಲ್ಲಿದ್ದನ್ನ ತೋರಿಸಿ ಒಲಿ ಬೈದಂಗ. ಅಲ್ಲಿಂದ ಹಿಂದ ಹಿಂದ ಹೋಗಬೇಕು. ನಾವ ನಾಲ್ಕ ಜಾಗಾ ಗುರತ ಮಾಡಿದ್ವಿ: ಬೌಲರ್ ಕೈಯಿಂದ ಬಾಲ್ ಬಿಟ್ಟದ್ದು, ಬ್ಯಾಟ್ ಪೂರಾ ಮ್ಯಾಲೆ ಎತ್ತಿದ್ದು, ಮುಂದಿನ ಕಾಲ ಊರಿದ್ದು, ಬಾಲ್ ತಾಗಿದ್ದು. ನೋಡೋದು ಮಾತ್ರ ಉಲ್ಟಾ, ನಾಲ್ಕರಿಂದ ಒಂದಕ್ಕ.

ನಾಲ್ಕನೇದು, ತಾಗಿದ ಕ್ಷಣ. ಬ್ಯಾಟ್ ಥರ್ಡ್ ಮ್ಯಾನ್ ಕಡೆಯಿಂದ ಬಂದ ಮಿಡ್ ವಿಕೆಟ್ ಕಡೆ ಹೊಂಟದ. ಪ್ಯಾಡಿನ ಸುತ್ತ ಬಳಸಿ ಬರಲಿಕತ್ತದ, ಹಿಂಗಾಗಿ ತಡಾ ಆಗೇದ. ಯಾಕ ಬಳಸಿ ಬಂತು? ಪ್ಯಾಡ್ ದಾರಿಗೆ ಅಡ್ಡ ಅದ.

ಮೂರನೇದು, ಕಾಲ ಊರಿದ ಕ್ಷಣ. ಇಲ್ಲೆ ಎರಡ ಗೆರಿ ಎಳದ್ವಿ. ಬಿಳೇದು ಆಫ್ ಸ್ಟಂಪಿನಿಂದ ಮ್ಯಾಲೆ, ಹಳದಿದು ಅವನ ಕಣ್ಣಿನ ನಡುವಿನಿಂದ ಸೀದಾ ನೆಲಕ್ಕ. ಹಳದಿ ಗೆರಿ ಬಂದ ಮುಂದಿನ ಬೂಟಿನ ತುದಿ ಮ್ಯಾಲೆ ಬೀಳಬೇಕಿತ್ತು. ಅದು ಬೂಟ ದಾಟಿ ಆಫ್ ಸೈಡಿಗೆ ಒಂದೂವರಿ ಬ್ಯಾಟಿನಗಲ ಆಚೆ ಬಿದ್ದಿತ್ತು, ಬಿಳೇ ಗೆರಿನೂ ದಾಟಿತ್ತು. ಬ್ಯಾಟಿನ ಅಗಲ ನಿಯಮದ ಪ್ರಕಾರ ಹೆಚ್ಚಂದ್ರ 10.8 ಸೆಂಟಿಮೀಟರ್. ಅದ ಚಿತ್ರದಾಗ ಇರೋ ಅಳತಿಪಟ್ಟಿ, ಬ್ಯಾರೆ ಬೇಕಾಗಿಲ್ಲಾ. ಅಂದ್ರ ಹದಿನಾರ ಸೆಂಟಿಮೀಟರ್ ತಲಿ ಹೊರಗ ವಾಲೇದ. ತಲಿ ಮೈಯಾಗಿಂದ ಭಾರದ್ದು, ಅದು ಎತ್ತಾಗ ವಾಲ್ತದೋ ಕಾಲ ಅತ್ತಾಗ ಓಡಿ ಬಂದ ಅದನ್ನ ಹಿಡೀತದ, ಬೀಳಬಾರದು ಅಂತ. ಹಿಂಗಾಗಿ ಕಾಲ ಅಡ್ಡ ಬಂತು, ಪ್ಯಾಡ್ ದಾರಿಗೆ ಬಂತು. ಹಳೇ ಕ್ಲಿಪ್ಪಿನಾಗ ಬಾಜೂದಿಂದ ತಗದಿದ್ದಕ್ಕ ಇದ ಕಂಡಿದ್ದಿಲ್ಲಾ.

ಕೋಚ್ ಇಲ್ಲಿಗೇ ಸಾಕ ಅಂದಾ, "ತಲಿ ವಾಲಸಬ್ಯಾಡ" ಅಂತ ಹೇಳಿ ಮುಗಸೋಣ. ಹುಡುಗ ಅವಾಗ ಮೊದಲನೇ ಸಲಾ ಬಾಯಿ ಬಿಟ್ಟಾ. "ಸರ್, ನಾ ಬೇಕಂತ ವಾಲಸಂಗಿಲ್ಲಾ, ಅದು ತಾನ ಹೋಗ್ತದ." ನಾ ಅಂದೆ, ಹಂಗಿದ್ರ ಇನ್ನೂ ಹಿಂದ ಹೋಗೋಣ.

ಎರಡನೇದು, ಬ್ಯಾಟ್ ಮ್ಯಾಲೆ ಎತ್ತಿದ್ದು. ಇಲ್ಲೆ ನಮ್ಮಪ್ಪ ಹಿಂದಿನಿಂದ ಬಂದು "ನಾ ಹೇಳಲಿಲ್ಲಾ, ಬ್ಯಾಟ್ ಸ್ಲಿಪ್ ಕಡೆ ಎತ್ಯಾನ, ಸೀದಾ ಸ್ಟಂಪಿನ ಮ್ಯಾಲೆ ಎತ್ತಬೇಕು, ಅಲ್ಲೊಂದ ಗೆರಿ ಎಳಿ" ಅಂದ್ರು. ಈ ಗೆರಿ ಭಾಳ ವಿಡಿಯೋದಾಗ ಎಳದಿರ್ತಾರ. ಆದ್ರ ಬ್ರಾಡ್‌ಮನ್ ಬ್ಯಾಟ್ ಎತ್ತತಿದ್ದದ್ದ ಸ್ಲಿಪ್ ಕಡೆನ. ಇನ್ನ ಲಾರಾ ಎತ್ತೋದು ನೋಡಿದಾವರು ಮರಿಯಂಗಿಲ್ಲಾ, ಬ್ಯಾಟ್ ಮುಗಲಿಗೆ ಹೋಗಿ ಬರ್ತಿತ್ತು. ಬ್ಯಾಟ್ ಯಾವ ದಾರಿಲೆ ಮ್ಯಾಲೆ ಹೋತು ಅನ್ನೋದಕಿಂತಾ ಯಾವ ದಾರಿಲೆ ಕೆಳಗ ಬಂತು, ಯಾವಾಗ ತಯಾರ ಆತು ಅನ್ನೋದ ಮುಖ್ಯ. ಹಿಂಗಾಗಿ ನಾ ಅಲ್ಲೆ ಗೆರಿ ಎಳಿಲಿಲ್ಲಾ, ಫೋಟೋ ಎಣಿಸಿದೆ. ಬಾಲ್ ಕೈ ಬಿಟ್ಟದ್ದು ಸೊನ್ನಿ ಅಂದ್ರ, ಅವನ ಬ್ಯಾಟ್ ಪೂರಾ ಮ್ಯಾಲೆ ಹೋಗಿದ್ದ 150ನೇ ಫೋಟೋಕ್ಕ. ಬಾಲ್ ನೆಲಕ್ಕ ಪುಟಿಯೋದೂ ಅಷ್ಟೊತ್ತಿಗೇ. ಅಂದ್ರ ಬಾಲ್ ಪುಟದ ಎದ್ದ ಮ್ಯಾಲೆ ಅವಾ ಬ್ಯಾಟ್ ಕೆಳಗ ತರೋದು ಶುರು ಮಾಡ್ತಾನ. ಉಳದದ್ದು ಐವತ್ತ ಫೋಟೋ, ಒಂದ ಸೆಕೆಂಡಿನ ಐದನೇ ಒಂದ ಪಾಲು. ಅಷ್ಟರಾಗ ಕಾಲೂ ಹಾಕಬೇಕು, ಬ್ಯಾಟೂ ತರಬೇಕು.

ಒಂದನೇದು, ಬಾಲ್ ಕೈ ಬಿಟ್ಟದ್ದು. ಅವನ ಬ್ಯಾಟಿನ ತುದಿ ನೆಲದ ಮ್ಯಾಲೆ ಅದ. ಅದೊಂದ ದೊಡ್ಡ ತಪ್ಪಲ್ಲ, ಹಳೇ ಕಾಲದ ಎಷ್ಟೋ ಬ್ಯಾಟ್ಸಮನ್ನರು ನೆಲಕ್ಕ ಕುಟಗೋತ ನಿಂತ ಬಾಲ್ ಬಿಟ್ಟ ಮ್ಯಾಲೇ ಎತ್ತತಿದ್ರು. ಆದ್ರ ಇವಾ ಎತ್ತಲಿಕ್ಕೆ ಶುರು ಮಾಡಿದಾಗ ಏನ ಆಗ್ತದ ನೋಡ್ರಿ. ಮ್ಯಾಲಿನ ಕೈ ಬ್ಯಾಟ್ ಎತ್ತಂಗಿಲ್ಲಾ, ಕೆಳಗಿನ ಕೈ ಎತ್ತತದ. ಅದಕ್ಕೂ ಭಾರ ಆಗಿ ಬೆನ್ನ ಬಗ್ಗತದ, ಭುಜ ಆಫ್ ಸೈಡಿಗೆ ಹೋಗ್ತದ, ಭುಜದ ಹಿಂದ ತಲಿ. ಹುಡುಗ ಹೇಳಿದ್ದ ಖರೇ ಇತ್ತು, ತಲಿ ತಾನ ಹೋಗ್ತದ. ಬ್ಯಾಟ್ ಎಳಕೊಂಡ ಹೋಗ್ತದ.

ಬ್ಯಾಟ್ ಯಾವದು? ಹ್ಯಾರೋ ಸೈಜ್. ಹೋದ ದೀಪಾವಳಿಗೆ ಅಜ್ಜ ಕೊಡಿಸಿದ್ದು. ಅಜ್ಜ ಅಂದ್ರ ನಮ್ಮಪ್ಪ, ಈಗಷ್ಟ ಹಿಂದ ನಿಂತ "ಸ್ಲಿಪ್ ಕಡೆ ಎತ್ಯಾನ" ಅಂದಾವರು.

ನಮ್ಮ ಮಂದಿ ಗೊತ್ತ ಅಲಾ ನಿಮಗ? ಯುನಿಫಾರ್ಮ್ ತೊಗೊಂಡ್ರ ತೋಳ ಎರಡ ಮಡಿಕಿ ಹಾಕಬೇಕು, ಚಪ್ಪಲ್ ತೊಗೊಂಡ್ರ ಹಿಂದ ಒಂದ ಬಟ್ಟ ಜಾಗಾ ಇರಬೇಕು, ಬೆಳಿಯೋ ಹುಡುಗ ಅಂತ. ಬಟ್ಟಿ ಚಪ್ಪಲ್ಲಿಗೆ ಅದ ನಡೀತದ. ಬ್ಯಾಟಿಗೆ ನಡಿಯಂಗಿಲ್ಲಾ. ಹ್ಯಾರೋ ಅಂದ್ರ ದೊಡ್ಡವರ ಬ್ಯಾಟಿಗಿಂತಾ ಒಂದ ಮೆಟ್ಟಲ ಕೆಳಗಿಂದು, ಸುಮಾರ ಐದ ಅಡಿ ಎರಡ ಇಂಚ ದಾಟಿದ ಹುಡುಗರಿಗೆ. ನಾಲ್ಕ ಅಡಿ ಹತ್ತ ಇಂಚಿನವಂಗ ಐದನೇ ಸೈಜ್ ಬರ್ತದ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮಿ ಇರ್ತದ ಅಷ್ಟ. ಮನ್ಯಾಗ ನೋಡ್ಲಿಕ್ಕೆ ಎರಡ ಪರೀಕ್ಷಾ ಅವ. ಹುಡುಗನ್ನ ಸೀದಾ ನಿಲ್ಲಸ್ರಿ, ಬ್ಯಾಟಿನ ತುದಿ ಬೂಟಿನ ಬಾಜೂಕ ನೆಲಕ್ಕ ಊರ್ರಿ, ಹಿಡಕಿ ತುದಿ ತೊಡಿ ಬುಡಕ್ಕ ಬಂದ್ರ ಬರೋಬ್ಬರಿ, ಸೊಂಟಕ್ಕ ಬಂದ್ರ ದೊಡ್ಡದಾತು. ಎರಡನೇದು, ಬರೇ ಮ್ಯಾಲಿನ ಕೈಯಿಂದ, ಅಂದ್ರ ಬಲಗೈ ಆಟಗಾರಗ ಎಡಗೈಯಿಂದ, ಬ್ಯಾಟ್ ಮುಂದಕ್ಕ ಚಾಚಿ ಹಿಡಿಲಿಕ್ಕೆ ಹೇಳ್ರಿ. ಹತ್ತ ಎಣಸೋದರಾಗ ತುದಿ ನಡಗಿ ಕೆಳಗ ಬಂದ್ರ ಆ ಬ್ಯಾಟ್ ಇನ್ನೂ ಅವಂದಲ್ಲ. ನಮ್ಮ ಹುಡುಗ ನಾಲ್ಕಕ್ಕ ಕೈ ಇಳಿಸಿದಾ.

ಇದನ್ನ ಅಜ್ಜಗ ಯಾರ ಹೇಳಬೇಕು? ನಮ್ಮಕ್ಕ ನನ್ನ ಮಾರಿ ನೋಡಿದ್ಲು, ನಾ ಕೋಚ್ ಮಾರಿ ನೋಡಿದೆ, ಕೋಚ್ ಲ್ಯಾಪ್‌ಟಾಪ್ ನೋಡಿದಾ. ನಾವೇನೂ ಹೇಳಲಿಲ್ಲಾ. ಮರದಿವಸ ಕೋಚ್ ನೆಟ್ಸಿನಾಗಿಂದ ಒಂದ ಐದನೇ ಸೈಜ್ ಬ್ಯಾಟ್ ತಂದಾ. ಫೋನ್ ಅದ ಜಾಗಾ, ಅದ ಬೌಲರ್, ಮತ್ತ ಹನ್ನೆರಡ ಬಾಲ್. ಒಂದ ಬಾಲ್ ಮೊದಲಿಂದು, ಒಂದ ಬಾಲ್ ಆಮ್ಯಾಲಿಂದು ತೋರಿಸಿ "ನೋಡ್ರಿ ಸುಧಾರಣಾ" ಅನ್ನೋದು ಅಂಗಡಿ ಜಾಹೀರಾತಿಗೆ ಸರಿ. ಒಂದ ಬಾಲಿನಾಗ ಯಾರ ತಲಿನೂ ಹೆಂಗೂ ಇರಬಹುದು. ಹನ್ನೆರಡಕ್ಕ ಹನ್ನೆರಡು ಇಟ್ಟ ಎಣಿಸಿದ್ವಿ. ಹಳೇ ಬ್ಯಾಟಿನಾಗ ಹಳದಿ ಗೆರಿ ಬೂಟ ದಾಟಿದ್ದ ಒಂಬತ್ತ ಸಲಾ. ಸಣ್ಣ ಬ್ಯಾಟಿನಾಗ ಮೂರ ಸಲಾ. ಬ್ಯಾಟ್ ಮ್ಯಾಲೆ ಹೋಗಿ ತಯಾರ ಆಗೋದು 150ರಿಂದ 110ರ ಹತ್ತರ ಬಂತು. ಬಾಲ್ ಪುಟಿಯೋಕಿಂತಾ ಮೊದಲ ಇವಾ ತಯಾರ.

ಆ ಎಣಿಕಿ ನಾ ಅಪ್ಪನ ಕಡೆನ ಮಾಡಿಸಿದೆ. "ನನ್ನ ಕಣ್ಣ ದಣದಾವ, ನೀವ ಸ್ವಲ್ಪ ಈ ಬಟನ್ ಒತ್ತಗೋತ ಎಣಸ್ರಿ" ಅಂದೆ. ಬ್ಯಾಂಕಿನಾಗ ಮೂವತ್ತ ವರ್ಷ ನೋಟ ಎಣಿಸಿದ ಕೈ. ಒಂದೊಂದ ಫೋಟೋ ಒತ್ತಿ ಒಂದೊಂದ ಸಾಲ ಬರಕೊಂಡ್ರು. ಎರಡ ಹಾಳಿ ಬಾಜೂ ಬಾಜೂ ಇಟ್ಟ ಕನ್ನಡಕ ತಗದ ಒರಿಸಿದ್ರು. ಆಮ್ಯಾಲೆ "ಹ್ಯಾರೋ ಎಣ್ಣಿ ಹಚ್ಚಿ ಕಪಾಟಿನಾಗ ಇಡ್ರಿ, ಅವಾ ಬೆಳದ ಮ್ಯಾಲೆ ನೋಡೋಣ" ಅಂದ ಎದ್ದ ಹೋದ್ರು. ಐದನೇ ಸೈಜ್ ಬ್ಯಾಟೂ ಅವರ ಕೊಡಿಸಿದ್ರು, ಅದ ವಾರ.

ಇಷ್ಟೆಲ್ಲಾ ಆದ ಮ್ಯಾಲೆ ಸ್ಕ್ರಿಪ್ಟ್ ಬರಿಯೋದ ಹಗರ ಆತು. ನಾ ಇಟ್ಟ ನಿಯಮ ಇಷ್ಟ. ಚಿತ್ರ ಓಡಬೇಕಾದ್ರ ಬಾಯಿ ಸುಮ್ಮನಿರಬೇಕು, ಬಾಯಿ ಮಾತಾಡಬೇಕಾದ್ರ ಚಿತ್ರ ನಿಂತಿರಬೇಕು. ಎರಡೂ ಕೂಡಿ ನಡದ್ರ ಹುಡುಗರು ಎರಡೂ ಬಿಡ್ತಾರ. ಒಂದ ನಿಂತ ಚಿತ್ರಕ್ಕ ಆರ ಸೆಕೆಂಡ್, ಅಷ್ಟರಾಗ ಹಿಡಿಯೋದು ಹತ್ತ ಹನ್ನೆರಡ ಶಬ್ದ. ಒಂದ ಚಿತ್ರಕ್ಕ ಎರಡ ಗೆರಿಗಿಂತಾ ಹೆಚ್ಚಿಲ್ಲಾ. ಗೆರಿ ಯಾವಾಗಲೂ ನೆಲದಾಗ ಹುಗದ ವಸ್ತುವಿಗೆ, ಇಲ್ಲಾ ಸೀದಾ ಕೆಳಗ ಬೀಳೋ ದಾರಕ್ಕ ಹೊಂದಿರಬೇಕು. ಮೈ ಮ್ಯಾಲೆ ಮನಸಿಗೆ ಬಂದ ಕಡೆ ಗೆರಿ ಎಳಿಬಾರದು. ನಡುವಿನ ಭಾಗ ಹಿಂಗ ಬಂತು:

ಚಿತ್ರ 3: ಪೂರಾ ವೇಗದಾಗ ಒಂದ ಬಾಲ್. ಗೆರಿ ಇಲ್ಲಾ. ಮಾತಿಲ್ಲಾ.

ಚಿತ್ರ 4: ಅದ ಬಾಲ್, ಎಂಟ ಪಟ್ಟ ಸಾವಕಾಶ. ಮಾತಿಲ್ಲಾ.

ಚಿತ್ರ 5: ಬಾಲ್ ಪ್ಯಾಡಿಗೆ ತಾಗಿದಲ್ಲೆ ನಿಲ್ಲಸೋದು. ಮಾತು: "ಬ್ಯಾಟ್ ತಡಾ ಆತು. ಯಾಕ ಅಂತ ಇಲ್ಲೆ ಗೊತ್ತಾಗಂಗಿಲ್ಲಾ. ಹಿಂದ ಹೋಗೋಣ."

ಚಿತ್ರ 6: ಕಾಲ ಊರಿದಲ್ಲೆ ನಿಲ್ಲಸೋದು. ಬಿಳೇ ಗೆರಿ ಮೊದಲ, ಎರಡ ಸೆಕೆಂಡ್ ಬಿಟ್ಟ ಹಳದಿ. ಮಾತು: "ಬಿಳೇದು ಆಫ್ ಸ್ಟಂಪು. ಹಳದಿ ನನ್ನ ಕಣ್ಣು. ಕಣ್ಣ ಬೂಟ ದಾಟೇದ, ಕಾಲ ಅಡ್ಡ ಬಂದದ."

ಚಿತ್ರ 7: ಬ್ಯಾಟ್ ಎತ್ತಲಿಕ್ಕೆ ಶುರು ಮಾಡಿದ್ದು. ಗೆರಿ ಇಲ್ಲಾ. ಮಾತು: "ಕೆಳಗಿನ ಕೈ ಎತ್ತಲಿಕತ್ತದ. ಬ್ಯಾಟ್ ನನಗ ಭಾರ ಆಗೇದ."

ಚಿತ್ರ 8: ಎಡಕ್ಕ ದೊಡ್ಡ ಬ್ಯಾಟ್, ಬಲಕ್ಕ ಸಣ್ಣದು, ಬಾಲ್ ಬಿಟ್ಟ ಕ್ಷಣಕ್ಕ ಎರಡನ್ನೂ ಹೊಂದಿಸಿ ಕೂಡೇ ಬಿಡೋದು. ಬಾಲ್ ಪುಟದಲ್ಲೆ ನಿಲ್ಲಸೋದು. ಮಾತು: "ಬಲಕ್ಕ ನೋಡ್ರಿ, ಬ್ಯಾಟ್ ತಯಾರ ಅದ."

ಚಿತ್ರ 9: ಸಣ್ಣ ಬ್ಯಾಟಿನ ಬಾಲ್ ಪೂರಾ ವೇಗದಾಗ, ಗೆರಿ ಇಲ್ಲದ.

ಆರನೇ ಚಿತ್ರದಾಗ "ನನ್ನ ಕಣ್ಣು" ಅಂತ ಇದ್ದದ್ದ ನೋಡಿದ್ರಲಾ, ಅದ ಹುಡುಗನ ತಿದ್ದುಪಡಿ. ನಾ "ಬ್ಯಾಟ್ಸಮನ್ನನ ಕಣ್ಣು" ಅಂತ ಬರದಿದ್ದೆ. "ಮಾಮಾ, ಬ್ಯಾರೆ ಯಾರೋ ನನ್ನ ಬಗ್ಗೆ ಹೇಳಿದ್ರ ಬೈದಂಗ ಅನಸ್ತದ, ನಾನ ಹೇಳ್ತೇನಿ" ಅಂದಾ. ಧ್ವನಿ ಪೂರಾ ಅವಂದ. ಹನ್ನೆರಡ ಬಾಲಿನಾಗ ಯಾವದನ್ನ ತೋರಸಬೇಕು ಅಂತ ಆರಸಿದ್ದೂ ಅವನ. ಎಲ್ಲಾಕ್ಕಿಂತಾ ಕೆಟ್ಟದ್ದನ್ನೂ ತೊಗೊಳ್ಳಲಿಲ್ಲಾ, ಛಲೋದ್ದನ್ನೂ ತೊಗೊಳ್ಳಲಿಲ್ಲಾ, ಒಂಬತ್ತರಾಗ ನಡುವಿಂದ ಒಂದ ತೊಗೊಂಡಾ. ಎಡಿಟ್ ಆದ ಮ್ಯಾಲೆ ನಮ್ಮಕ್ಕ ಪೂರಾ ನೋಡಿ, "ಹಳದಿ ಬಣ್ಣ ನೆಟ್ಟಿನ ಹಸರಿನ ಮ್ಯಾಲೆ ಛಲೋ ಕಾಣಸ್ತದ" ಅಂದ್ಲು. ಅಕಿ ಬಾಯಾಗ ಅದ ಒಪ್ಪಿಗಿ.

ಈ ವಿಡಿಯೋದಾಗ ಬರಲಾರದ್ದೂ ಅದ. ಬಾಲ್ ಒಳಗ ಬರ್ತದೋ ಹೊರಗ ಹೋಗ್ತದೋ ಅನ್ನೋದನ್ನ ಅವಾ ಯಾವಾಗ ಗುರತ ಹಿಡದಾ ಅಂತ ಯಾವ ಗೆರಿನೂ ತೋರಸಂಗಿಲ್ಲಾ. ಕಣ್ಣ ಎಲ್ಲೆ ಅದ ಅಂತ ಎಳಿಬಹುದು, ಕಣ್ಣ ಏನ ನೋಡ್ತು ಅಂತ ಎಳಿಲಿಕ್ಕೆ ಬರಂಗಿಲ್ಲಾ. ನೆಟ್ಸಿನಾಗ ಗೊತ್ತಿದ್ದ ಬೌಲರ್, ಗೊತ್ತಿದ್ದ ಜಾಗಾಕ್ಕ ಹಾಕಿದ ಬಾಲ್. ಮ್ಯಾಚಿನಾಗ ಅದಲ್ಲ. ಇನ್ನ ಆ ಮೂರ ಬಾಲ್, ಸಣ್ಣ ಬ್ಯಾಟಿನಾಗೂ ತಲಿ ಹೊರಗ ಹೋದವಲಾ, ಅವಕ್ಕ ಬ್ಯಾಟ್ ಕಾರಣ ಅಲ್ಲ. ವರ್ಷಗಟ್ಟಲೆ ವಾಲಿ ಆಡಿದ ಮೈ, ಬ್ಯಾಟ್ ಬದಲಾದ್ರೂ ರೂಢಿ ಬಿಡಂಗಿಲ್ಲಾ. ಅದಕ್ಕ ಕೋಚ್ ಈಗ ದಿವಸಾ ಮೂವತ್ತ ಬಾಲ್ ಕೈಯಿಂದ ಎಸದ ಆಡಸ್ತಾನ, ಮ್ಯಾಟಿನ ಮ್ಯಾಲೆ ಸುಣ್ಣದ್ದ ಒಂದ ಗೆರಿ ಎಳದು. ಅದ ಗೆರಿ ಹುಡುಗಗ ಆಡಬೇಕಾದ್ರೂ ಕಾಣಸ್ತದ, ಪರದೆ ಮ್ಯಾಲಿಂದು ಆಡಿದ ಮ್ಯಾಲಷ್ಟ.

ಅದರ ಮುಂದಿನ ಮ್ಯಾಚಿನಾಗ ಹನ್ನೊಂದ ರನ್ ಹೊಡದ ಸ್ಲಿಪ್ಪಿಗೆ ಕ್ಯಾಚ್ ಕೊಟ್ಟ ಬಂದಾ. ನಮ್ಮ ಭಾವ ಕೇಳಿದ್ರು, "ಮತ್ತ ಔಟ್ ಆದಿಲ್ಲೋ?" "ಅಪ್ಪಾ, ಬಾಲ್ ಬ್ಯಾಟಿಗೆ ತಾಗಿತ್ತು" ಅಂದಾ. ಭಾವ ಏನೂ ಅನಲಿಲ್ಲಾ, ಪರೀಕ್ಷಾ ಮುಗಿಯೋ ತನಕ ವಾರಕ್ಕ ಮೂರ ದಿವಸ ನೆಟ್ಸ್ ಅಂತ ಒಪ್ಪಂದ ಆತು.

ನಿಮ್ಮ ಮನ್ಯಾಗೂ ಇಂಥಾದ್ದೊಂದ ಹುಡುಗ ಇಲ್ಲಾ ಹುಡುಗಿ ಇದ್ರ, ಒಂದ ಮಾತ. ಗೆರಿ ಎಳದ ವಿಡಿಯೋ ಅಷ್ಟ ಇಟ್ಟ, ಗೆರಿ ಇಲ್ಲದ ಮೂಲ ಕ್ಲಿಪ್ ಅಳಸಬ್ಯಾಡ್ರಿ. ಫೋನ್ ಎಲ್ಲಿತ್ತು, ಎಷ್ಟ ದೂರ ಇತ್ತು, ಬ್ಯಾಟ್ ಯಾವ ಸೈಜು, ಹುಡುಗ ಎಷ್ಟ ಎತ್ತರ ಇದ್ದಾ ಅಂತ ಒಂದ ಚೀಟಿ ಬರದ ಇಡ್ರಿ. ಆರ ತಿಂಗಳಿಗೆ ಹುಡುಗರು ಬೆಳದ ಬಿಡ್ತಾರ, ಸರಿ ಇದ್ದ ಬ್ಯಾಟ್ ಸಣ್ಣದಾಗ್ತದ, ಹಳೇ ಗೆರಿ ಸುಳ್ಳಾಗ್ತದ. ನಮ್ಮ ಅಜ್ಜಂದ ಚೀಟಿ ಕಪಾಟಿನ ಬಾಗಲಿಗೆ ಅಂಟಿಸ್ಯಾರ, ಬಾಜೂಕ ಪೆನ್ಸಿಲ್ಲಿಲೆ ಹುಡುಗನ ಎತ್ತರದ್ದ ಗೆರಿ. ಪ್ರತಿ ತಿಂಗಳ ಒಂದನೇ ತಾರೀಖ ಅಳೀತಾರ. ಹ್ಯಾರೋಕ್ಕ ಇನ್ನ ಮೂರ ಇಂಚ ಬಾಕಿ.